ರೋಹಿಣಿ ಮೇಲೆ, ಲುಬ್ಧಕನ ಜೊತೆಗಾರ ಕೆಳಗೆ: ಎಚ್‌ಆರ್ ನಕ್ಷೆಯನ್ನು ಓದುವುದು ಹೇಗೆ

ನಕ್ಷತ್ರಗಳ ಬಗ್ಗೆ ಬರೆದ ಯಾವ ಪುಸ್ತಕ ತೆರೆದರೂ ಒಂದು ಚುಕ್ಕೆಗಳ ಚಿತ್ರ ಇದ್ದೇ ಇರುತ್ತದೆ, ಅದೇ ಎಚ್‌ಆರ್ ನಕ್ಷೆ. ಎಡಗಡೆ ಮೇಲಿನ ಮೂಲೆಯಿಂದ ಬಲಗಡೆ ಕೆಳಗಿನ ಮೂಲೆವರೆಗೆ ಓರೆಯಾಗಿ ಇಳಿಯುವ ಒಂದು ದಪ್ಪ ಪಟ್ಟಿ, ಬಲಗಡೆ ಮೇಲೆ ಒಂದು ಗುಂಪು, ಎಡಗಡೆ ಕೆಳಗೆ ತೆಳ್ಳಗಿನ ಇನ್ನೊಂದು ಗೆರೆ. ಪಟ್ಟಿಗೆ ಪ್ರಧಾನ ಶ್ರೇಣಿ ಅಂತ ಹೆಸರು, ಮೇಲಿನ ಗುಂಪು ದೈತ್ಯರದ್ದು, ಕೆಳಗಿನದು ಶ್ವೇತಕುಬ್ಜಗಳದ್ದು. ಇಷ್ಟನ್ನು ಬಾಯಿಪಾಠ ಮಾಡಿ ಪುಟ ತಿರುಗಿಸಿಬಿಡುವವರೇ ಜಾಸ್ತಿ. ಆದರೆ ಒಂದು ಚುಕ್ಕೆ ಅಲ್ಲೇ ಯಾಕೆ ಕೂತಿದೆ, ಬೇರೆ ಕಡೆ ಯಾಕಿಲ್ಲ ಅಂತ ಕೇಳಿಕೊಂಡರೆ ಇದೇ ಚಿತ್ರ ಬೇರೆ ಥರ ಕಾಣಿಸುತ್ತದೆ. ಅದಕ್ಕೆ ಮೂರ್ನಾಲ್ಕು ನಕ್ಷತ್ರಗಳನ್ನು ಹಿಡಿದು ನಾವೇ ನಕ್ಷೆಯ ಮೇಲೆ ಇಡೋಣ.

ಮೊದಲು ಎರಡು ಅಕ್ಷಗಳು. ಅಡ್ಡ ಅಕ್ಷದ ಮೇಲೆ ನಕ್ಷತ್ರದ ಮೇಲ್ಮೈ ಬಿಸಿ, ಕೆಲ್ವಿನ್‌ನಲ್ಲಿ. ಇದು ತಿರುಗುಮುರುಗಾಗಿದೆ: ಬಿಸಿ ಜಾಸ್ತಿ ಇರುವವು ಎಡಗಡೆ, ಕಡಿಮೆ ಇರುವವು ಬಲಗಡೆ. ಮೊದಲ ಸಲ ನೋಡಿದವರಿಗೆ ಇದು ಖಂಡಿತ ಕಾಲು ತೊಡರಿಸುತ್ತದೆ. ಕಾರಣ ಇಷ್ಟೇ, ನಕ್ಷೆ ಹುಟ್ಟಿದಾಗ ಅಡ್ಡಕ್ಕೆ ಬಿಸಿಯನ್ನು ಬರೆದಿರಲಿಲ್ಲ, ರೋಹಿತ, ಅಂದರೆ ನಕ್ಷತ್ರದ ಬೆಳಕನ್ನು ಬಿಡಿಸಿದಾಗ ಸಿಗುವ ಬಣ್ಣಗಳ ಸಾಲು, ನೋಡಿ ಮಾಡಿದ್ದ O, B, A, F, G, K, M ಅನ್ನುವ ವರ್ಗಗಳನ್ನು ಬರೆದಿದ್ದರು. ಆ ಸಾಲು ಬಿಸಿಯಿಂದ ತಂಪಿಗೆ ಹೋಗುತ್ತದೆ, ಹಾಗೇ ಉಳಿದುಬಿಟ್ಟಿತು. ಬಿಸಿಯನ್ನು ಅಳೆಯುವುದು ಬಣ್ಣದಿಂದ. ನೀಲಿ ಬಿಳುಪು ಅಂದರೆ ತುಂಬಾ ಬಿಸಿ, ಕೆಂಪು ಅಂದರೆ ಹೋಲಿಕೆಯಲ್ಲಿ ತಂಪು. ನಮ್ಮ ಸೂರ್ಯ ಸುಮಾರು 5770 ಕೆಲ್ವಿನ್, ನಡುವೆ ಎಲ್ಲೋ.

ಉದ್ದ ಅಕ್ಷದ ಮೇಲೆ ಬೆಳಕು. ಆಕಾಶದಲ್ಲಿ ಕಣ್ಣಿಗೆ ಎಷ್ಟು ಬೆಳಗುತ್ತದೆ ಅನ್ನುವುದಲ್ಲ, ನಕ್ಷತ್ರ ನಿಜವಾಗಿ ಸೆಕೆಂಡಿಗೆ ಎಷ್ಟು ಶಕ್ತಿ ಹೊರಗೆ ಸುರಿಯುತ್ತಿದೆ ಅನ್ನುವುದು. ಸೂರ್ಯನನ್ನು 1 ಅಂತ ಇಟ್ಟುಕೊಳ್ಳುತ್ತಾರೆ. ಒಂದೊಂದು ಮನೆ ಮೇಲೆ ಹತ್ತಿದರೆ ಹತ್ತು ಪಟ್ಟು, ಇನ್ನೊಂದು ಮನೆ ಹತ್ತಿದರೆ ನೂರು ಪಟ್ಟು. ಹಾಗೆ ಮಾಡದಿದ್ದರೆ ಆಗುವುದೇ ಇಲ್ಲ, ಯಾಕಂದರೆ ಮೇಲಿನ ತುದಿಯ ನಕ್ಷತ್ರ ಸೂರ್ಯನ ಲಕ್ಷಗಟ್ಟಲೆ ಪಟ್ಟು ಬೆಳಗುತ್ತದೆ, ಕೆಳಗಿನ ತುದಿಯದ್ದು ಸೂರ್ಯನ ಹತ್ತು ಸಾವಿರದಲ್ಲಿ ಒಂದು ಪಾಲೂ ಇರುವುದಿಲ್ಲ.

ಈಗ ರೋಹಿಣಿಯನ್ನು ಇಡೋಣ. ವೃಷಭ ರಾಶಿಯ ಆ ಕಿತ್ತಳೆ ಬಣ್ಣದ ನಕ್ಷತ್ರ. ಬಣ್ಣದಿಂದ ಮೇಲ್ಮೈ ಬಿಸಿ ಸುಮಾರು 3900 ಕೆಲ್ವಿನ್ ಅಂತ ಗೊತ್ತಾಗುತ್ತದೆ. ಅಡ್ಡಕ್ಕೆ ಜಾಗ ಸಿಕ್ಕಿತು, ಸೂರ್ಯನಿಗಿಂತ ಸಾಕಷ್ಟು ಬಲಕ್ಕೆ. ಎತ್ತರಕ್ಕೆ ದೂರ ಬೇಕು. ಭೂಮಿ ಸೂರ್ಯನ ಸುತ್ತ ಹೋಗುವಾಗ ಹತ್ತಿರದ ನಕ್ಷತ್ರಗಳು ದೂರದ ಹಿನ್ನೆಲೆಯ ಎದುರು ಒಂಚೂರು ಅತ್ತಿತ್ತ ಸರಿದಂತೆ ಕಾಣುತ್ತವಲ್ಲ, ಅದನ್ನು ಪ್ಯಾರಲಾಕ್ಸ್ ಅಂತಾರೆ, ರೋಹಿಣಿಗೆ ಅದು ಸುಮಾರು 0.049 ಆರ್ಕ್‌ಸೆಕೆಂಡ್. ಒಂದು ಡಿಗ್ರಿಯನ್ನು 3600 ಪಾಲು ಮಾಡಿದರೆ ಒಂದು ಪಾಲು ಒಂದು ಆರ್ಕ್‌ಸೆಕೆಂಡ್. ಅದರಿಂದ ದೂರ 65 ಜ್ಯೋತಿರ್ವರ್ಷಕ್ಕೆ ಸ್ವಲ್ಪ ಮೇಲೆ ಅಂತ ಸಿಗುತ್ತದೆ. ಆ ದೂರದಲ್ಲಿದ್ದೂ ನಮಗೆ ಅಷ್ಟು ಬೆಳಗಬೇಕಾದರೆ ಅದು ಕಣ್ಣಿಗೆ ಕಾಣುವ ಬೆಳಕಿನಲ್ಲೇ ಸೂರ್ಯನ ಸುಮಾರು 160 ಪಟ್ಟು ಇರಬೇಕು. ಅಷ್ಟಕ್ಕೇ ಮುಗಿಯಲಿಲ್ಲ. ತಂಪು ನಕ್ಷತ್ರ ತನ್ನ ಬಹುಪಾಲು ಶಕ್ತಿಯನ್ನು ಕಣ್ಣಿಗೆ ಕಾಣದ ಅವಕೆಂಪಿನಲ್ಲಿ ಬಿಡುತ್ತದೆ, ಅದನ್ನೂ ಸೇರಿಸಿದರೆ ಒಟ್ಟು ಸುಮಾರು 440 ಸೂರ್ಯ. ಚುಕ್ಕೆ ಬಲಗಡೆ, ಮೇಲೆ ಬಿತ್ತು.

ಇಲ್ಲಿ ಒಂದು ಬಲೆ ಇದೆ, ಅದನ್ನು ನೋಡಿಯೇ ಮುಂದೆ ಹೋಗೋಣ. ರೋಹಿಣಿಯ ಸುತ್ತ V ಆಕಾರದಲ್ಲಿ ಹರಡಿಕೊಂಡಿರುವ ನಕ್ಷತ್ರಗುಚ್ಛಕ್ಕೆ ಹಯಾಡೀಸ್ ಅಂತ ಹೆಸರು. ನೋಡಿದರೆ ರೋಹಿಣಿ ಅದರ ಭಾಗವೇ ಅನ್ನಿಸುತ್ತದೆ. ಆದರೆ ಗುಚ್ಛ ಇರುವುದು ಸುಮಾರು 150 ಜ್ಯೋತಿರ್ವರ್ಷ ದೂರದಲ್ಲಿ, ರೋಹಿಣಿ ಸುಮ್ನೆ ದಾರಿ ಮಧ್ಯೆ ನಿಂತಿದೆ. ಯಾರಾದರೂ ಅದನ್ನು ಗುಚ್ಛದ ಸದಸ್ಯ ಅಂತ ತಿಳಿದು ಲೆಕ್ಕ ಹಾಕಿದರೆ ದೂರ ಎರಡೂ ಕಾಲು ಪಟ್ಟಿಗಿಂತ ಹೆಚ್ಚಾಗುತ್ತದೆ, ಬೆಳಕಿನ ಲೆಕ್ಕ ಅದರ ವರ್ಗ, ಅಂದರೆ ಐದು ಪಟ್ಟಿಗೂ ಮೀರಿ ಉಬ್ಬುತ್ತದೆ. ದೂರ ತಪ್ಪಿದರೆ ಚುಕ್ಕೆ ನೆಟ್ಟಗೆ ಮೇಲಕ್ಕೋ ಕೆಳಕ್ಕೋ ಜಾರುತ್ತದೆ, ಎಡಬಲ ಅಲುಗುವುದಿಲ್ಲ. ಈ ಗುರುತು ನೆನಪಿರಲಿ.

ಈಗ ರೋಹಿಣಿಗೆ ಒಂದು ಜೋಡಿ ಹುಡುಕೋಣ. ಲಕೈ 8760 ಅನ್ನುವ ನಕ್ಷತ್ರ ಕೇವಲ 13 ಜ್ಯೋತಿರ್ವರ್ಷ ದೂರದಲ್ಲಿದೆ. ಮೇಲ್ಮೈ ಬಿಸಿ ಸುಮಾರು 3800 ಕೆಲ್ವಿನ್, ಹೆಚ್ಚುಕಮ್ಮಿ ರೋಹಿಣಿಯಷ್ಟೇ. ಇಷ್ಟು ಹತ್ತಿರ ಇದ್ದರೂ ಬರಿಗಣ್ಣಿಗೆ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಅದರ ನಿಜವಾದ ಬೆಳಕು ಸೂರ್ಯನ ನೂರರಲ್ಲಿ ಏಳು ಪಾಲು. ಬಿಸಿ ಒಂದೇ, ಬೆಳಕಿನಲ್ಲಿ ಮಾತ್ರ ಸುಮಾರು 6000 ಪಟ್ಟು ವ್ಯತ್ಯಾಸ. ಹೇಗೆ?

ಒಲೆಯಲ್ಲಿ ಒಂದೇ ಥರ ಕೆಂಪಗೆ ಕಾದ ಕೆಂಡಗಳನ್ನು ನೆನೆಸಿಕೊಳ್ಳಿ. ಒಂದು ಕೆಂಡದ ಎದುರು ಕೈ ಹಿಡಿದರೆ ಬೆಚ್ಚಗೆ, ಒಲೆ ತುಂಬಾ ಕೆಂಡ ಇದ್ದರೆ ಹತ್ತಿರ ನಿಲ್ಲುವುದಕ್ಕೇ ಆಗುವುದಿಲ್ಲ. ಕೆಂಡದ ಬಿಸಿ ಬದಲಾಗಿಲ್ಲ, ಹೊಳೆಯುವ ಮೇಲ್ಮೈ ಹೆಚ್ಚಾಗಿದೆ ಅಷ್ಟೇ. ನಕ್ಷತ್ರವೂ ಹಾಗೇ. ಮೇಲ್ಮೈಯ ಒಂದೊಂದು ಚದರ ಮೀಟರ್ ಎಷ್ಟು ಶಕ್ತಿ ಬಿಡುತ್ತದೆ ಅನ್ನುವುದು ಬಿಸಿಯ ಮೇಲೆ ಮಾತ್ರ ನಿಂತಿದೆ, ಅದೂ ನಾಲ್ಕನೇ ಘಾತದಲ್ಲಿ: ಬಿಸಿ ಎರಡು ಪಟ್ಟಾದರೆ ಶಕ್ತಿ ಹದಿನಾರು ಪಟ್ಟು. ಒಂದೇ ಬಿಸಿಯ ಎರಡು ನಕ್ಷತ್ರಗಳಲ್ಲಿ ಒಂದು 6000 ಪಟ್ಟು ಹೆಚ್ಚು ಬೆಳಗಿದರೆ ಅದರ ಮೇಲ್ಮೈ 6000 ಪಟ್ಟು ದೊಡ್ಡದಿರಲೇಬೇಕು, ಬೇರೆ ದಾರಿಯೇ ಇಲ್ಲ. ಮೇಲ್ಮೈ ಅಷ್ಟಾದರೆ ತ್ರಿಜ್ಯ ಅದರ ವರ್ಗಮೂಲ, ಅಂದರೆ ಎಂಬತ್ತರ ಆಸುಪಾಸು ಪಟ್ಟು.

ಇದನ್ನೇ ಸೂತ್ರದಲ್ಲಿ ಬರೆದರೆ ಹೀಗೆ. ಬೆಳಕು L, ತ್ರಿಜ್ಯ R, ಎರಡೂ ಸೂರ್ಯನ ಲೆಕ್ಕದಲ್ಲಿ. ಬಿಸಿ T ಕೆಲ್ವಿನ್‌ನಲ್ಲಿ:

R = √L × (5770 / T)²

ರೋಹಿಣಿಗೆ ಹಾಕಿ ನೋಡಿ. 440ರ ವರ್ಗಮೂಲ 21. 5770ನ್ನು 3900ರಿಂದ ಭಾಗಿಸಿದರೆ 1.48, ಅದರ ವರ್ಗ 2.19. ಎರಡನ್ನೂ ಗುಣಿಸಿದರೆ 46. ಅಂದರೆ ರೋಹಿಣಿಯ ತ್ರಿಜ್ಯ ಸೂರ್ಯನ 46 ಪಟ್ಟು. ಇದು ಬರೀ ಕಾಗದದ ಲೆಕ್ಕ ಅಂತ ಅನುಮಾನ ಬಂದರೆ ತಪ್ಪಿಲ್ಲ, ಅದಕ್ಕೆ ಪರೀಕ್ಷೆಯೂ ಇದೆ. ರೋಹಿಣಿ ಚಂದ್ರನ ದಾರಿಯಲ್ಲಿ ಬರುತ್ತದೆ. ಚಂದ್ರನ ಅಂಚು ಅದನ್ನು ಮುಚ್ಚುವಾಗ ಬೆಳಕು ಒಂದೇ ಏಟಿಗೆ ಆರುವುದಿಲ್ಲ, ಸೆಕೆಂಡಿನ ಸಣ್ಣ ಭಾಗದಷ್ಟು ಹೊತ್ತು ತೆಗೆದುಕೊಂಡು ಆರುತ್ತದೆ. ಆ ಹೊತ್ತನ್ನು ಅಳೆದರೆ ನಕ್ಷತ್ರದ ತಟ್ಟೆಯ ಅಗಲ ಸಿಗುತ್ತದೆ, ಸುಮಾರು 0.02 ಆರ್ಕ್‌ಸೆಕೆಂಡ್. 65 ಜ್ಯೋತಿರ್ವರ್ಷ ದೂರದಲ್ಲಿ ಅಷ್ಟು ಅಗಲ ಕಾಣಬೇಕಾದರೆ ಅದು ಸೂರ್ಯನ ಸುಮಾರು 45 ಪಟ್ಟು ಇರಬೇಕು. ಬೆಳಕು ಮತ್ತು ಬಣ್ಣದಿಂದ ಬಂದ ಉತ್ತರ, ಚಂದ್ರನ ಅಂಚಿನಿಂದ ಬಂದ ಉತ್ತರ ಎರಡೂ ಒಂದೇ ಕಡೆ ಬಂದು ನಿಂತವು. ಇಡೀ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದೇ.

ಹಾಗಾಗಿ ನಕ್ಷೆಯಲ್ಲಿ ಬರೆದಿರುವುದು ಎರಡು ಅಳತೆ, ಓದಬಹುದಾದದ್ದು ಮೂರು. ಒಂದೇ ತ್ರಿಜ್ಯದ ನಕ್ಷತ್ರಗಳನ್ನೆಲ್ಲ ಸೇರಿಸಿ ಗೆರೆ ಎಳೆದರೆ ಎಡಗಡೆ ಮೇಲಿಂದ ಬಲಗಡೆ ಕೆಳಕ್ಕೆ ಇಳಿಯುವ ಓರೆ ಗೆರೆ ಸಿಗುತ್ತದೆ. ಅಂಥ ಗೆರೆಗಳನ್ನು ಪಕ್ಕಪಕ್ಕ ಎಳೆಯುತ್ತಾ ಹೋದರೆ ಬಲಗಡೆ ಮೇಲಿನ ಮೂಲೆಯತ್ತ ಹೋದಷ್ಟೂ ನಕ್ಷತ್ರ ದೊಡ್ಡದು, ಎಡಗಡೆ ಕೆಳಗಿನ ಮೂಲೆಯತ್ತ ಹೋದಷ್ಟೂ ಸಣ್ಣದು. ದೈತ್ಯ, ಕುಬ್ಜ ಅನ್ನುವ ಹೆಸರುಗಳು ಬಂದದ್ದು ಇಲ್ಲಿಂದಲೇ. ಡೆನ್ಮಾರ್ಕಿನ ಎಯ್ನಾರ್ ಹರ್ಟ್ಸ್‌ಸ್ಪ್ರುಂಗ್ 1905ರಲ್ಲೇ ಕೆಂಪು ನಕ್ಷತ್ರಗಳಲ್ಲಿ ಎರಡು ಜಾತಿ ಇವೆ, ಒಂದು ಭಾರೀ ಬೆಳಗುವಂಥದ್ದು, ಇನ್ನೊಂದು ತೀರಾ ಮಂಕು, ನಡುವೆ ಹೆಚ್ಚೇನೂ ಇಲ್ಲ ಅಂತ ಗಮನಿಸಿದ್ದರು. ಅಮೆರಿಕದ ಹೆನ್ರಿ ನಾರಿಸ್ ರಸೆಲ್ 1913ರಲ್ಲಿ ತಮ್ಮದೇ ನಕ್ಷೆಯನ್ನು ಮುಂದಿಟ್ಟರು. ಇಬ್ಬರ ಹೆಸರಿನ ಮೊದಲ ಅಕ್ಷರ ಸೇರಿ ಎಚ್‌ಆರ್ ಆಯಿತು.

ಇನ್ನು ಆ ದಪ್ಪ ಪಟ್ಟಿ. ಪ್ರಧಾನ ಶ್ರೇಣಿಯ ಮೇಲಿರುವ ನಕ್ಷತ್ರಗಳೆಲ್ಲ ಒಂದೇ ಕೆಲಸ ಮಾಡುತ್ತಿವೆ: ಒಳಗಿನ ತಿರುಳಿನಲ್ಲಿ ಹೈಡ್ರೋಜನ್ನನ್ನು ಬೆಸೆದು ಹೀಲಿಯಂ ಮಾಡುವುದು. ಸೂರ್ಯ ಅಲ್ಲಿದೆ, ಲಕೈ 8760 ಅಲ್ಲಿದೆ, ಲುಬ್ಧಕವೂ ಅಲ್ಲೇ ಇದೆ. ಪಟ್ಟಿಯ ಮೇಲೆ ಎಲ್ಲಿ ಅನ್ನುವುದನ್ನು ತೀರ್ಮಾನಿಸುವುದು ಮುಖ್ಯವಾಗಿ ಒಂದೇ ಸಂಗತಿ, ನಕ್ಷತ್ರದ ದ್ರವ್ಯರಾಶಿ. ಭಾರ ಹೆಚ್ಚಿದ್ದರೆ ತಿರುಳಿನ ಮೇಲೆ ಒತ್ತಡ ಹೆಚ್ಚು, ಬಿಸಿ ಹೆಚ್ಚು, ಬೆಸೆಯುವ ವೇಗ ವಿಪರೀತ ಹೆಚ್ಚು. ಲುಬ್ಧಕದ ದ್ರವ್ಯರಾಶಿ ಸೂರ್ಯನ ಎರಡು ಪಟ್ಟು ಮಾತ್ರ, ಬೆಳಕು ಮಾತ್ರ 25 ಪಟ್ಟು. ಅದರ ಬಿಸಿ ಸುಮಾರು 9900 ಕೆಲ್ವಿನ್, ಸೂತ್ರಕ್ಕೆ ಹಾಕಿದರೆ ತ್ರಿಜ್ಯ 1.7. ಅಂದರೆ ಪಟ್ಟಿಯಲ್ಲಿ ಮೇಲೆ ಹೋದ ಹಾಗೆ ನಕ್ಷತ್ರ ಬಿಸಿಯೂ ಆಗುತ್ತದೆ, ಒಂದಿಷ್ಟು ದೊಡ್ಡದೂ ಆಗುತ್ತದೆ, ಆದರೆ ರೋಹಿಣಿಯ ಥರ ಉಬ್ಬುವುದಿಲ್ಲ.

ಇಲ್ಲಿ ಬಹಳ ಜನ ಎಡವುವ ಒಂದು ತಪ್ಪು ತಿಳಿವಳಿಕೆ ಇದೆ. ಪಟ್ಟಿ ನೋಡಿದರೆ ಅದೊಂದು ದಾರಿ ಅನ್ನಿಸುತ್ತದೆ, ನಕ್ಷತ್ರ ಮೇಲೆ ಹುಟ್ಟಿ ತಣ್ಣಗಾಗುತ್ತಾ ಕೆಳಕ್ಕೆ ಜಾರಿಕೊಂಡು ಹೋಗುತ್ತದೆ ಅಂತ. ರಸೆಲ್ ಕೂಡ ಆರಂಭದಲ್ಲಿ ಹೀಗೇ ಯೋಚಿಸಿದ್ದರು, ಆಗ ನಕ್ಷತ್ರಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ನಿಜವಾಗಿ ಹಾಗಿಲ್ಲ. ಎರಡು ಸೂರ್ಯಭಾರದ ನಕ್ಷತ್ರ ಎರಡು ಸೂರ್ಯಭಾರದ ಜಾಗಕ್ಕೆ ಬಂದು ಕೂರುತ್ತದೆ, ಹೈಡ್ರೋಜನ್ ಮುಗಿಯುವವರೆಗೂ ಹೆಚ್ಚುಕಮ್ಮಿ ಅಲ್ಲೇ ಇರುತ್ತದೆ, ಆಮೇಲೆ ಪಟ್ಟಿಯನ್ನೇ ಬಿಟ್ಟು ಬಲಕ್ಕೆ ಹೋಗುತ್ತದೆ. ಸೂರ್ಯ ಯಾವ ಕಾಲಕ್ಕೂ ಲುಬ್ಧಕದ ಜಾಗದಲ್ಲಿ ಇರಲಿಲ್ಲ.

ಹಾಗಾದರೆ ಪಟ್ಟಿ ಇಷ್ಟು ದಪ್ಪ ಯಾಕೆ, ಬೇರೆ ಕಡೆ ಖಾಲಿ ಖಾಲಿ ಯಾಕೆ? ನಕ್ಷತ್ರಗಳು ತಮ್ಮ ಬದುಕಿನ ಬಹುಪಾಲು ಕಾಲ ಅಲ್ಲೇ ಕಳೆಯುತ್ತವೆ, ಅದಕ್ಕೆ. ಸೂರ್ಯನಿಗೆ ಅದು ಸುಮಾರು ಸಾವಿರ ಕೋಟಿ ವರ್ಷ. ನಾವು ಯಾವಾಗ ನೋಡಿದರೂ ಹೆಚ್ಚಿನವು ಆ ಕೆಲಸದಲ್ಲೇ ಸಿಕ್ಕಿಬೀಳುತ್ತವೆ. ಇದನ್ನೇ ತಿರುಗಿಸಿ ತೋರಿಸುವ ಸಾಕ್ಷಿಯೂ ನಕ್ಷೆಯಲ್ಲೇ ಇದೆ. ಪಟ್ಟಿಯ ಮೇಲಿನ ಅರ್ಧಕ್ಕೂ ಬಲಗಡೆಯ ದೈತ್ಯರಿಗೂ ನಡುವೆ ಒಂದು ಬಯಲು ಇದೆ, ಹರ್ಟ್ಸ್‌ಸ್ಪ್ರುಂಗ್ ಅಂತರ ಅಂತಾರೆ. ಅಲ್ಲಿ ನಕ್ಷತ್ರ ಇರಬಾರದು ಅಂತೇನಿಲ್ಲ, ಭಾರವಾದ ನಕ್ಷತ್ರಗಳೆಲ್ಲ ಆ ಬಯಲನ್ನು ದಾಟಿಯೇ ಹೋಗಬೇಕು. ಎಷ್ಟು ಬೇಗ ದಾಟುತ್ತವೆ ಅಂದರೆ ನಾವು ನೋಡುವ ಹೊತ್ತಿಗೆ ಅಲ್ಲಿ ಸಿಗುವುದು ಅಪರೂಪ. ಚುಕ್ಕೆಗಳ ದಟ್ಟಣೆ ಅಂದರೆ ಕಾಲ, ಹೀಗೆ ಓದಿಕೊಂಡರೆ ನಕ್ಷೆ ಇನ್ನಷ್ಟು ತೆರೆದುಕೊಳ್ಳುತ್ತದೆ.

ಬಲಕ್ಕೆ ಯಾಕೆ ಹೋಗುತ್ತವೆ? ತಿರುಳಿನ ಹೈಡ್ರೋಜನ್ ಮುಗಿದ ಮೇಲೆ ಅಲ್ಲಿ ಉಳಿಯುವುದು ಹೀಲಿಯಂ ಬೂದಿ, ಅದು ಇನ್ನೂ ಹೊತ್ತಿಕೊಂಡಿಲ್ಲ. ಶಕ್ತಿ ಹುಟ್ಟದ ತಿರುಳು ತನ್ನ ಭಾರಕ್ಕೆ ತಾನೇ ಕುಗ್ಗುತ್ತಾ ಬಿಸಿಯಾಗುತ್ತದೆ, ಅದರ ಸುತ್ತಲಿನ ತೆಳು ಪದರದಲ್ಲಿ ಹೈಡ್ರೋಜನ್ ಮೊದಲಿಗಿಂತ ಜೋರಾಗಿ ಬೆಸೆಯತೊಡಗುತ್ತದೆ. ಒಳಗೆ ಕುಗ್ಗಿದಷ್ಟೂ ಹೊರಗಿನ ಪದರಗಳು ಉಬ್ಬುತ್ತವೆ. ಉಬ್ಬಿದ ಮೇಲ್ಮೈ ತಣ್ಣಗಾಗಿ ಕೆಂಪಾಗುತ್ತದೆ, ಆದರೆ ವಿಸ್ತಾರ ಎಷ್ಟು ಹೆಚ್ಚಿರುತ್ತದೆ ಅಂದರೆ ಒಟ್ಟು ಬೆಳಕು ಏರುತ್ತಲೇ ಹೋಗುತ್ತದೆ. ಚುಕ್ಕೆ ಬಲಕ್ಕೆ, ಆಮೇಲೆ ಮೇಲಕ್ಕೆ. ರೋಹಿಣಿಯ ದ್ರವ್ಯರಾಶಿ ಸೂರ್ಯನಿಗಿಂತ ಸ್ವಲ್ಪವೇ ಜಾಸ್ತಿ. ಉಬ್ಬಿದ್ದು ಭಾರದಿಂದಲ್ಲ, ವಯಸ್ಸಿನಿಂದ. ಆರ್ದ್ರಾ ನಕ್ಷತ್ರದ ಕಥೆ ಬೇರೆ, ಅದು ಹುಟ್ಟಿನಿಂದಲೇ ತುಂಬಾ ಭಾರ, ಅದಕ್ಕೆ ದೈತ್ಯರಿಗೂ ಎಷ್ಟೋ ಮೇಲೆ, ಮಹಾದೈತ್ಯರ ಸಾಲಿನಲ್ಲಿ ಕೂತಿದೆ.

ಈಗ ಎಡಗಡೆ ಕೆಳಗಿನ ಮೂಲೆ. ಇಲ್ಲಿಗೆ ಲುಬ್ಧಕವೇ ದಾರಿ ತೋರಿಸಿತು. 1844ರಲ್ಲಿ ಬೆಸೆಲ್ ಅನ್ನುವ ಜರ್ಮನ್ ಖಗೋಳಜ್ಞ ಲುಬ್ಧಕ ನೆಟ್ಟಗೆ ಸಾಗದೆ ಒಂಚೂರು ಅತ್ತಿತ್ತ ತೂರಾಡುತ್ತಿದೆ, ಪಕ್ಕದಲ್ಲಿ ಕಾಣದ ಜೊತೆಗಾರ ಯಾರೋ ಇರಬೇಕು ಅಂದರು. 1862ರಲ್ಲಿ ಆಲ್ವನ್ ಗ್ರಹಾಂ ಕ್ಲಾರ್ಕ್ ಹೊಸ ದೂರದರ್ಶಕವನ್ನು ಪರೀಕ್ಷೆ ಮಾಡುವಾಗ ಅದು ಕಂಡೇಬಿಟ್ಟಿತು. ಅದಕ್ಕೆ ಈಗ ಲುಬ್ಧಕ ಬಿ ಅಂತ ಹೆಸರು. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅದು ಲುಬ್ಧಕಕ್ಕಿಂತ ಸುಮಾರು 9000 ಪಟ್ಟು ಮಂಕು. ಕಕ್ಷೆಯಿಂದ ಲೆಕ್ಕ ಹಾಕಿದರೆ ದ್ರವ್ಯರಾಶಿ ಮಾತ್ರ ಹೆಚ್ಚುಕಮ್ಮಿ ಸೂರ್ಯನಷ್ಟು. ಇಷ್ಟು ಮಂಕು ಅಂದರೆ ತಂಪಾದ ಕೆಂಪು ನಕ್ಷತ್ರವೇ ಇರಬೇಕು ಅನ್ನುವುದು ಸಹಜ ಊಹೆ. ಆದರೆ 1915ರಲ್ಲಿ ವಾಲ್ಟರ್ ಆಡಮ್ಸ್ ಅದರ ರೋಹಿತ ತೆಗೆದಾಗ ಬಂದದ್ದು ಬಿಸಿಯಾದ ಬಿಳಿ ನಕ್ಷತ್ರದ ರೋಹಿತ. ಪಕ್ಕದ ಲುಬ್ಧಕದ ಪ್ರಖರ ಬೆಳಕಿನ ನಡುವೆ ಅದನ್ನು ತೆಗೆಯುವುದೇ ಒಂದು ಸಾಹಸ.

ಇವತ್ತಿನ ಅಳತೆಗಳನ್ನು ಸೂತ್ರಕ್ಕೆ ಹಾಕೋಣ. ಬಿಸಿ ಸುಮಾರು 26,000 ಕೆಲ್ವಿನ್. ಒಟ್ಟು ಬೆಳಕು ಸೂರ್ಯನ 0.026 ಪಾಲು. ಇದನ್ನು ಲುಬ್ಧಕದ 25ಕ್ಕೆ ಹೋಲಿಸಿದರೆ ವ್ಯತ್ಯಾಸ ಸಾವಿರದಷ್ಟೇ, 9000 ಅಲ್ಲ ಅಂತ ಗಮನಿಸಿದಿರಾ? ಇಷ್ಟು ಬಿಸಿಯಾದ ನಕ್ಷತ್ರ ಹೆಚ್ಚಿನ ಶಕ್ತಿಯನ್ನು ಅತಿನೇರಳೆಯಲ್ಲಿ ಬಿಡುತ್ತದೆ, ಕಣ್ಣಿಗೆ ಅದು ಲೆಕ್ಕಕ್ಕೇ ಸಿಗುವುದಿಲ್ಲ. ರೋಹಿಣಿಯಲ್ಲಿ ಅವಕೆಂಪು ಮಾಡಿದ ಕೆಲಸವನ್ನೇ ಇಲ್ಲಿ ಅತಿನೇರಳೆ ಮಾಡುತ್ತಿದೆ. ಸರಿ, 0.026ರ ವರ್ಗಮೂಲ 0.16. 5770ನ್ನು 26,000ದಿಂದ ಭಾಗಿಸಿ ವರ್ಗ ಮಾಡಿದರೆ 0.049. ಗುಣಿಸಿದರೆ 0.008. ಭೂಮಿಯ ತ್ರಿಜ್ಯ ಸೂರ್ಯನ 0.009 ಪಾಲು. ಅಂದರೆ ಒಂದು ಸೂರ್ಯನಷ್ಟು ವಸ್ತು ಭೂಮಿಗಿಂತಲೂ ಸ್ವಲ್ಪ ಸಣ್ಣ ಗೋಳದಲ್ಲಿ ತುಂಬಿಕೊಂಡಿದೆ, ಒಂದು ಘನ ಸೆಂಟಿಮೀಟರ್ ತೂಗಿದರೆ ಎರಡು ಟನ್ನಿಗಿಂತ ಹೆಚ್ಚು. ಆ ಕಾಲದವರಿಗೆ ಇದು ನಂಬುವ ಮಾತಾಗಿ ಕಾಣಲಿಲ್ಲ, ಕಂಡಿದ್ದರೇ ಆಶ್ಚರ್ಯ. ಇಷ್ಟು ಒತ್ತಿದ ವಸ್ತುವನ್ನು ಕುಸಿಯದಂತೆ ತಡೆಯುವುದು ಬಿಸಿಯಲ್ಲ, ಎಲೆಕ್ಟ್ರಾನುಗಳು ಇನ್ನೂ ಹತ್ತಿರ ಬರಲು ಒಪ್ಪದ ಕ್ವಾಂಟಂ ನಿಯಮ ಅಂತ ಗೊತ್ತಾದದ್ದು 1920ರ ದಶಕದಲ್ಲಿ. ಆ ತಡೆಗೂ ಒಂದು ಮಿತಿ ಇದೆ, ಸುಮಾರು 1.4 ಸೂರ್ಯಭಾರ, ಅದನ್ನು ತೋರಿಸಿದವರು ಸುಬ್ರಹ್ಮಣ್ಯನ್ ಚಂದ್ರಶೇಖರ್.

ಶ್ವೇತಕುಬ್ಜದಲ್ಲಿ ಹೊಸದಾಗಿ ಶಕ್ತಿ ಹುಟ್ಟುವುದಿಲ್ಲ, ಇದ್ದ ಬಿಸಿಯನ್ನು ಕಳೆದುಕೊಳ್ಳುತ್ತಾ ಇರುತ್ತದೆ ಅಷ್ಟೇ. ಅದನ್ನು ಹಿಡಿದು ನಿಲ್ಲಿಸಿರುವುದು ಬಿಸಿ ಅಲ್ಲವಾದ್ದರಿಂದ ತಣ್ಣಗಾದರೂ ಕುಗ್ಗುವುದಿಲ್ಲ, ತ್ರಿಜ್ಯ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ತ್ರಿಜ್ಯ ಬದಲಾಗದೆ ಬಿಸಿ ಮಾತ್ರ ಇಳಿದರೆ ಚುಕ್ಕೆ ಎಲ್ಲಿಗೆ ಹೋಗಬೇಕು? ನಾವು ಮೊದಲು ಎಳೆದ ಸಮತ್ರಿಜ್ಯದ ಓರೆ ಗೆರೆಯ ಮೇಲೇ ಕೆಳಗೆ ಬಲಕ್ಕೆ. ಕೆಳಗಿನ ಆ ತೆಳು ಗೆರೆ ಇರುವುದು ಸರಿಯಾಗಿ ಹಾಗೇ. ಪ್ರಧಾನ ಶ್ರೇಣಿ ದಾರಿ ಅಲ್ಲ ಅಂದೆನಲ್ಲ, ಶ್ವೇತಕುಬ್ಜಗಳ ಗೆರೆ ಮಾತ್ರ ನಿಜಕ್ಕೂ ದಾರಿಯೇ.

ಇನ್ನು ನಕ್ಷೆ ಮೋಸ ಮಾಡುವ ಜಾಗಗಳು. ಯಾವ ನಕ್ಷತ್ರಗಳನ್ನು ಆರಿಸಿಕೊಂಡಿರಿ ಅನ್ನುವುದೇ ಮೊದಲನೆಯದು. ಆಕಾಶದಲ್ಲಿ ಅತಿ ಪ್ರಕಾಶವಾಗಿ ಕಾಣುವ ಇಪ್ಪತ್ತು ನಕ್ಷತ್ರಗಳನ್ನು ಇಟ್ಟರೆ ಎಲ್ಲವೂ ಸೂರ್ಯನಿಗಿಂತ ಮೇಲೆ ಕೂರುತ್ತವೆ, ಸೂರ್ಯ ಏನೋ ಬಡಪಾಯಿ ಅನ್ನಿಸುತ್ತದೆ. ಅದೇ ನಮಗೆ ಅತಿ ಹತ್ತಿರದ ನಕ್ಷತ್ರಗಳನ್ನು ಇಟ್ಟರೆ ಬಹುಪಾಲು ಬಲಗಡೆ ಕೆಳಗಿನ ಮೂಲೆಯಲ್ಲಿ ಬೀಳುತ್ತವೆ, ದೈತ್ಯರು ಕಾಣುವುದೇ ಇಲ್ಲ. ಎರಡನೆಯ ಚಿತ್ರವೇ ನಿಜಕ್ಕೆ ಹತ್ತಿರ. ದೈತ್ಯರು ಅಪರೂಪ, ಆದರೆ ಎಷ್ಟು ದೂರದಿಂದಲೂ ಕಾಣುತ್ತಾರೆ.

ಧೂಳು ಇನ್ನೊಂದು ತೊಂದರೆ. ಅದು ಬೆಳಕನ್ನು ಮಂಕು ಮಾಡುವುದರ ಜೊತೆ ಕೆಂಪೂ ಮಾಡುತ್ತದೆ, ಹಾಗಾಗಿ ಚುಕ್ಕೆ ಕೆಳಕ್ಕೂ ಬಲಕ್ಕೂ ಒಟ್ಟಿಗೆ ಜಾರುತ್ತದೆ. ಜೋಡಿ ನಕ್ಷತ್ರಗಳದ್ದು ಬೇರೆ ಗುರುತು. ಒಂದೇ ಥರದ ಎರಡು ನಕ್ಷತ್ರಗಳು ಬಿಡಿಸಿ ನೋಡಲಾಗದಷ್ಟು ಹತ್ತಿರ ಇದ್ದರೆ ಬಣ್ಣ ಅದೇ ಇರುತ್ತದೆ, ಬೆಳಕು ಎರಡು ಪಟ್ಟು. ಗಾಯಾ ಉಪಗ್ರಹದ ಅಳತೆಗಳಿಂದ 2018ರಲ್ಲಿ 40 ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ನಕ್ಷೆ ಬಂತು. ಅಂಥ ನಿಖರ ಅಳತೆಗಳಲ್ಲಿ ಪ್ರಧಾನ ಶ್ರೇಣಿಯ ಕೆಳಭಾಗದಲ್ಲಿ ಪಟ್ಟಿಗೆ ಸಮಾನಾಂತರವಾಗಿ, ಒಂಚೂರು ಮೇಲೆ, ಇನ್ನೊಂದು ಮಂದ ಪಟ್ಟಿ ಕಾಣುತ್ತದೆ. ಅದು ಜೋಡಿಗಳದ್ದು.

ಕೊನೆಗೆ, ದೈತ್ಯರ ಗುಂಪಿನಲ್ಲಿ ಚುಕ್ಕೆಯ ಜಾಗ ಒಂದರಿಂದಲೇ ಬಗೆಹರಿಯದ ಒಂದು ತಕರಾರಿದೆ. ತಿರುಳಿನಲ್ಲಿ ಹೀಲಿಯಂ ಹೊತ್ತಿಕೊಂಡ ಮೇಲೆ ದೈತ್ಯ ನಕ್ಷತ್ರ ಸ್ವಲ್ಪ ಕುಗ್ಗಿ ಕೆಳಗೆ ಇಳಿಯುತ್ತದೆ, ಇಳಿದು ನಿಲ್ಲುವ ಜಾಗ ಇನ್ನೂ ಹೀಲಿಯಂ ಹೊತ್ತದೆ ಮೇಲೆ ಹತ್ತುತ್ತಿರುವ ನಕ್ಷತ್ರಗಳ ದಾರಿಯ ಪಕ್ಕದಲ್ಲೇ. ಬಿಸಿ ಒಂದೇ, ಬೆಳಕು ಒಂದೇ, ತ್ರಿಜ್ಯವೂ ಒಂದೇ, ಒಳಗೆ ನಡೆಯುತ್ತಿರುವುದು ಮಾತ್ರ ಬೇರೆ ಬೇರೆ. ಇವನ್ನು ಬೇರ್ಪಡಿಸಲು ನಕ್ಷತ್ರದ ಕಂಪನ ಬೇಕು. ಮೇಲ್ಮೈಯ ಬೆಳಕು ಅತಿ ಸಣ್ಣದಾಗಿ ಏರಿಳಿಯುವುದನ್ನು ಕೆಪ್ಲರ್ ದೂರದರ್ಶಕ ವರ್ಷಗಟ್ಟಲೆ ದಾಖಲಿಸಿತು. ಆ ಕಂಪನಗಳಲ್ಲಿ ಕೆಲವು ತಿರುಳಿನವರೆಗೂ ಹೋಗಿ ಬರುತ್ತವೆ, ಅವುಗಳ ನಡುವಿನ ಅಂತರ ಹೀಲಿಯಂ ಉರಿಯುತ್ತಿರುವ ನಕ್ಷತ್ರದಲ್ಲಿ ಸ್ಪಷ್ಟವಾಗಿ ಹೆಚ್ಚಿರುತ್ತದೆ. 2011ರಿಂದ ಈಚೆಗೆ ಕೆಂಪು ದೈತ್ಯರನ್ನು ಎರಡು ಪಾಲು ಮಾಡುವುದಕ್ಕೆ ಈ ಅಂತರವನ್ನೇ ಬಳಸುತ್ತಿದ್ದಾರೆ.